ಏಳು ವರ್ಷದ ಮಗುವಿಗೆ ಮೊಬೈಲ್ ಆಟ: ವಯಸ್ಸಿನ ಅಂಕಿಯನ್ನು ಓದುವುದು, ಆಟದೊಳಗಿನ ಅಂಗಡಿಯನ್ನು ಪತ್ತೆಹಚ್ಚುವುದು

ಪ್ಲೇ ಸ್ಟೋರ್‌ನಲ್ಲಿ ಯಾವ ಆಟದ ಪುಟವನ್ನು ತೆರೆದರೂ ಮೇಲ್ಭಾಗದಲ್ಲಿಯೇ ಎರಡು ಬಗೆಯ ಮಾಹಿತಿ ಇರುತ್ತದೆ. ಒಂದು, ‘Rated for 3+’ ಎಂಬಂತಹ ವಯಸ್ಸಿನ ಅಂಕಿ. ಇನ್ನೊಂದು, ಆಟದ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರುವ ‘Contains ads’ ಮತ್ತು ‘In-app purchases’ ಎಂಬ ಸೂಚನೆಗಳು. ಮೊದಲನೆಯದನ್ನು ನೋಡಿ ಸಮಾಧಾನಪಟ್ಟುಕೊಂಡು ಎರಡನೆಯದನ್ನು ಓದದೆಯೇ ಇನ್‌ಸ್ಟಾಲ್ ಒತ್ತುವವರೇ ಹೆಚ್ಚು. ಆದರೆ ಇವೆರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು. ತೆರೆಯ ಮೇಲೆ ಮಗು ಏನನ್ನು ನೋಡುತ್ತದೆ ಎಂಬುದನ್ನು ಅಂಕಿ ಹೇಳುತ್ತದೆ. ಆ ಆಟ ಮಗುವಿನಿಂದ ಏನನ್ನು ಕೇಳುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಮುದ್ದು ಪ್ರಾಣಿಗಳೂ ತೋಟಗಳೂ ತುಂಬಿರುವ, 3+ ಅಂಕಿಯ ಆಟವೊಂದು ಸಾವಿರಾರು ರೂಪಾಯಿಯ ರತ್ನದ ಪೆಟ್ಟಿಗೆಗಳನ್ನು ಮಾರುತ್ತಿರಬಹುದು. ಸ್ವಲ್ಪ ಹೆದರಿಸುವ ಚಿತ್ರಗಳಿರುವ 7+ ಆಟವೊಂದು ಒಂದು ಪೈಸೆಯನ್ನೂ ಕೇಳದಿರಬಹುದು. ಆದ್ದರಿಂದ ಏಳು ವರ್ಷದ ಮಗುವಿಗೆ ಆಟವನ್ನು ಆರಿಸುವಾಗ ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗುತ್ತದೆ. ನಮ್ಮಲ್ಲಿ ಹೆಚ್ಚು ಮನೆಗಳಲ್ಲಿರುವುದು ಆಂಡ್ರಾಯ್ಡ್ ಫೋನ್ ಆದ್ದರಿಂದ ಇಲ್ಲಿನ ವಿವರಣೆ ಮುಖ್ಯವಾಗಿ ಅದಕ್ಕೇ ಸಂಬಂಧಿಸಿದೆ. ಐಫೋನಿನಲ್ಲಿ ವ್ಯತ್ಯಾಸವಿರುವ ಕಡೆ ಅದನ್ನೂ ಹೇಳಿದ್ದೇನೆ.

ಮೊದಲ ಹೆಜ್ಜೆ: ಅಂಕಿ ಎಲ್ಲಿಂದ ಬಂದಿದೆ ಎಂದು ತಿಳಿಯುವುದು

ಪ್ಲೇ ಸ್ಟೋರ್‌ನಲ್ಲಿರುವ ಅಂಕಿಯನ್ನು ಸರ್ಕಾರಿ ಅಧಿಕಾರಿಯೊಬ್ಬರು ಆಟವಾಡಿ ನೋಡಿ ಕೊಟ್ಟಿರುವುದಿಲ್ಲ. ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಇರುವಂತೆ ಭಾರತದಲ್ಲಿ ಮೊಬೈಲ್ ಆಟಗಳನ್ನು ಒಂದೊಂದಾಗಿ ನೋಡಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇಲ್ಲ. ಆಟವನ್ನು ತಯಾರಿಸಿದವರು ಐಎಆರ್‌ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಪ್ರಶ್ನಾವಳಿಯನ್ನು ತುಂಬುತ್ತಾರೆ: ಆಟದಲ್ಲಿ ಹೊಡೆದಾಟವಿದೆಯೇ, ರಕ್ತ ಕಾಣುತ್ತದೆಯೇ, ಬೈಗುಳವಿದೆಯೇ, ಜೂಜಿನಂತಹ ದೃಶ್ಯವಿದೆಯೇ, ಆಡುವವರು ಒಬ್ಬರೊಡನೊಬ್ಬರು ಮಾತನಾಡಬಹುದೇ ಎಂಬಂತಹ ಪ್ರಶ್ನೆಗಳು. ಉತ್ತರಗಳ ಆಧಾರದ ಮೇಲೆ ಗಣಕವೇ ಪ್ರತಿ ದೇಶಕ್ಕೂ ಅಂಕಿಯನ್ನು ನೀಡುತ್ತದೆ. ತಪ್ಪು ಉತ್ತರ ಕೊಟ್ಟಿರುವುದು ಪತ್ತೆಯಾದರೆ ಅಂಕಿಯನ್ನು ಬದಲಿಸುವ ಅಧಿಕಾರ ಒಕ್ಕೂಟಕ್ಕಿದೆಯಾದರೂ, ಮೊದಲ ಮಾತು ತಯಾರಕರದ್ದೇ. ಗೂಗಲ್ 2015ರಿಂದ ಈ ಪದ್ಧತಿಯನ್ನು ಅನುಸರಿಸುತ್ತಿದೆ.

ಭಾರತದಲ್ಲಿ ನಮಗೆ ಕಾಣುವುದು ಸ್ವಂತ ರೇಟಿಂಗ್ ಮಂಡಳಿ ಇಲ್ಲದ ದೇಶಗಳಿಗಾಗಿ ಇಟ್ಟಿರುವ ಸಾಮಾನ್ಯ ಶ್ರೇಣಿ: 3+, 7+, 12+, 16+, 18+. ಯುರೋಪಿನ ಹಲವು ದೇಶಗಳಲ್ಲಿ ಪೆಗಿ, ಉತ್ತರ ಅಮೆರಿಕದಲ್ಲಿ ಇಎಸ್‌ಆರ್‌ಬಿ ಎಂಬ ಮಂಡಳಿಗಳ ಗುರುತುಗಳು ಬರುತ್ತವೆ. ಈ ಮಂಡಳಿಗಳ ಅಭಿಪ್ರಾಯ ಎಲ್ಲ ಸಲವೂ ಒಂದೇ ಆಗಿರುವುದಿಲ್ಲ. ಮೈನ್‌ಕ್ರಾಫ್ಟ್ ಆಟಕ್ಕೆ ಪೆಗಿ ಕೊಟ್ಟಿರುವುದು 7. ಅದೇ ಆಟಕ್ಕೆ ಇಎಸ್‌ಆರ್‌ಬಿ ಕೊಟ್ಟಿರುವುದು ಹತ್ತು ವರ್ಷ ಮತ್ತು ಮೇಲ್ಪಟ್ಟವರಿಗೆ ಎಂಬ ಗುರುತು. ಲಂಡನ್ನಿನಲ್ಲಿರುವ ಚಿಕ್ಕಪ್ಪ ‘ಏಳಕ್ಕೆ ಸರಿಯಾಗಿದೆ’ ಎಂದರೆ, ನ್ಯೂಜೆರ್ಸಿಯಲ್ಲಿರುವ ಅತ್ತೆ ‘ಇನ್ನೂ ಮೂರು ವರ್ಷ ತಡೆಯಿರಿ’ ಎಂದರೆ, ಇಬ್ಬರೂ ತಮ್ಮ ತಮ್ಮ ಪರದೆಯಲ್ಲಿ ಕಂಡದ್ದನ್ನೇ ಹೇಳುತ್ತಿರುತ್ತಾರೆ. ಅಂಕಿಯನ್ನು ತೀರ್ಪೆಂದು ತಿಳಿಯದೆ ಒಂದು ಅಂದಾಜೆಂದು ತಿಳಿಯಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಎರಡನೆಯ ಹೆಜ್ಜೆ: ಅಂಕಿಯನ್ನು ಮುಟ್ಟಿ, ಅದರ ಹಿಂದಿನ ಪದಗಳನ್ನು ಓದುವುದು

ಆಟದ ಪುಟದಲ್ಲಿ ‘Rated for 7+’ ಎಂಬುದನ್ನು ಬೆರಳಿನಿಂದ ಮುಟ್ಟಿದರೆ ಒಂದು ವಿವರಣೆ ತೆರೆದುಕೊಳ್ಳುತ್ತದೆ. ಅಂಕಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಅಲ್ಲಿರುವ ಪದಗಳು. ಸ್ಥೂಲವಾಗಿ ಹೇಳುವುದಾದರೆ, 3+ ಎಂದರೆ ಹೆದರಿಸುವ ಶಬ್ದವೋ ಚಿತ್ರವೋ ಇಲ್ಲದ, ಹೊಡೆದಾಟವಿದ್ದರೂ ಅದು ನಗೆಯಾಟದ ಮಟ್ಟದಲ್ಲಿಯೇ ಇರುವ ಆಟ. 7+ ಎಂದರೆ ಸಣ್ಣ ಮಕ್ಕಳು ಬೆಚ್ಚಬಹುದಾದ ದೃಶ್ಯ ಅಥವಾ ಶಬ್ದ, ಇಲ್ಲವೇ ವಾಸ್ತವಕ್ಕೆ ದೂರವಾದ ಸೌಮ್ಯ ಹಿಂಸೆ ಇರುವ ಆಟ. 12+ಕ್ಕೆ ಹೋದರೆ ಕಾಲ್ಪನಿಕ ಜೀವಿಗಳ ಮೇಲೆ ಸ್ಪಷ್ಟವಾಗಿ ಕಾಣುವ ಹಿಂಸೆ, ಸೌಮ್ಯವಾದ ಕೆಟ್ಟ ಮಾತು ಇತ್ಯಾದಿ ಬರಬಹುದು.

ಏಳು ವರ್ಷದ ಮಗುವಿನ ಮಟ್ಟಿಗೆ 7+ ಕೆಳಗೆ ಬರುವ ‘Mild Violence’ ಮತ್ತು ‘Fear’ ಎಂಬ ಎರಡು ಪದಗಳನ್ನು ಬೇರೆ ಬೇರೆಯಾಗಿ ತೂಗಬೇಕೆಂದು ನನ್ನ ಅಭಿಪ್ರಾಯ. ಗೊಂಬೆಯಂತಹ ಎರಡು ಪಾತ್ರಗಳು ಮರದ ಕತ್ತಿಯಲ್ಲಿ ಹೊಡೆದಾಡಿ ಮಾಯವಾಗುವುದನ್ನು ಈ ವಯಸ್ಸಿನ ಹೆಚ್ಚಿನ ಮಕ್ಕಳು ಆಟವೆಂದೇ ತಿಳಿಯುತ್ತಾರೆ. ಕತ್ತಲ ಕೋಣೆಯಲ್ಲಿ ಯಾವುದೋ ಆಕೃತಿ ಹಠಾತ್ತನೆ ಮುಖಕ್ಕೆ ಎದುರಾಗುವ ಆಟ ಹಾಗಲ್ಲ. ಹಗಲು ನಗುತ್ತ ಆಡಿದ ಮಗು ರಾತ್ರಿ ಒಬ್ಬಂಟಿಯಾಗಿ ಬಚ್ಚಲಿಗೆ ಹೋಗಲು ಒಪ್ಪದಿರಬಹುದು. ಎರಡಕ್ಕೂ ಅಂಕಿ ಒಂದೇ. ನಿಮ್ಮ ಮಗು ಯಾವುದಕ್ಕೆ ಹೆದರುತ್ತದೆ ಎಂಬುದು ಪ್ರಶ್ನಾವಳಿ ತುಂಬಿದವರಿಗೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತಿರುತ್ತದೆ.

ಅದೇ ವಿವರಣೆಯಲ್ಲಿ ಕೆಲವು ಆಟಗಳಿಗೆ ‘Users Interact’ ಎಂಬ ಸೂಚನೆಯೂ ಇರುತ್ತದೆ. ಆಡುವವರು ಅಪರಿಚಿತರೊಡನೆ ಸಂದೇಶ, ಧ್ವನಿ ಅಥವಾ ಚಿತ್ರಗಳನ್ನು ಹಂಚಿಕೊಳ್ಳಬಹುದು ಎಂದು ಅದರ ಅರ್ಥ. ಇದಕ್ಕಾಗಿ ಅಂಕಿ ಏರಲೇಬೇಕೆಂದಿಲ್ಲ. ಅಪರಿಚಿತರು ಏನು ಮಾತನಾಡುತ್ತಾರೆ ಎಂಬುದಕ್ಕೆ ಯಾರೂ ಮುಂಚಿತವಾಗಿ ರೇಟಿಂಗ್ ಕೊಡಲಾರರು. ಚಾಟ್ ಅನ್ನು ಪೂರ್ತಿಯಾಗಿ ಮುಚ್ಚುವ ಅವಕಾಶ ಆಟದ ಸೆಟ್ಟಿಂಗ್‌ನಲ್ಲಿ ಇಲ್ಲದಿದ್ದರೆ, ಏಳು ವರ್ಷಕ್ಕೆ ಆ ಆಟ ಬೇಡ.

ಅಂಕಿ ಹೇಳದ ಇನ್ನೊಂದು ಸಂಗತಿಯೆಂದರೆ ಆಟ ಯಾರಿಗಾಗಿ ತಯಾರಾದದ್ದು ಎಂಬುದು. ಚದುರಂಗದ ಆ್ಯಪ್‌ಗೆ ಸಾಮಾನ್ಯವಾಗಿ 3+ ಇರುತ್ತದೆ. ಮೂರು ವರ್ಷದ ಮಗು ಚದುರಂಗ ಆಡುತ್ತದೆ ಎಂದು ಯಾರೂ ಹೇಳುತ್ತಿಲ್ಲ, ಅದರಲ್ಲಿ ಮೂರು ವರ್ಷದ ಮಗುವಿಗೆ ಹಾನಿಯಾಗುವ ದೃಶ್ಯವಿಲ್ಲ ಎಂದಷ್ಟೇ ಹೇಳುತ್ತಿದ್ದಾರೆ. ದೊಡ್ಡವರು ಬಸ್ಸಿನಲ್ಲಿ ಹೊತ್ತು ಕಳೆಯಲೆಂದು ಮಾಡಿದ, ಬಣ್ಣದ ಮಿಠಾಯಿಗಳನ್ನು ಜೋಡಿಸುವ ಆಟಕ್ಕೂ ಇದೇ ಅಂಕಿ ಬರಬಹುದು. ಮಕ್ಕಳಿಗಾಗಿಯೇ ಮಾಡಿದ್ದೇವೆ ಎಂದು ತಯಾರಕರು ಗೂಗಲ್‌ಗೆ ಬೇರೆಯಾಗಿ ಘೋಷಿಸಬೇಕು. ಹಾಗೆ ಘೋಷಿಸಿದವರಿಗೆ ಜಾಹೀರಾತು ಮತ್ತು ಮಾಹಿತಿ ಸಂಗ್ರಹದ ವಿಚಾರದಲ್ಲಿ ಹೆಚ್ಚು ಬಿಗಿಯಾದ ನಿಯಮಗಳಿವೆ. ಬರಿಯ 3+ ಅಂಕಿ ಇರುವ ಆಟಕ್ಕೆ ಆ ನಿಯಮಗಳು ತಾವಾಗಿಯೇ ಅನ್ವಯಿಸುವುದಿಲ್ಲ.

ಮೂರನೆಯ ಹೆಜ್ಜೆ: ಬೆಲೆಯ ಸಾಲನ್ನು ಹುಡುಕಿ ಓದುವುದು

‘In-app purchases’ ಎಂದು ಬರೆದಿರುವುದರಿಂದಲೇ ಆಟ ಕೆಟ್ಟದ್ದಾಗುವುದಿಲ್ಲ. ಏನನ್ನು ಮಾರುತ್ತಾರೆ ಎಂಬುದನ್ನು ನೋಡಬೇಕು. ಆಟದ ಪುಟದಲ್ಲಿ ‘About this game’ ಎಂಬುದನ್ನು ತೆರೆದು ಕೊನೆಯವರೆಗೆ ಸರಿಸಿದರೆ, ಆಟದ ಒಳಗೆ ಮಾರಾಟಕ್ಕಿರುವ ವಸ್ತುಗಳ ಬೆಲೆ ಎಷ್ಟರಿಂದ ಎಷ್ಟರವರೆಗೆ ಇದೆ ಎಂಬ ಒಂದು ಸಾಲು ಸಿಗುತ್ತದೆ. ಇದು ಇಡೀ ಪುಟದಲ್ಲಿ ಅತ್ಯಂತ ಪ್ರಾಮಾಣಿಕವಾದ ಸಾಲು. ಯಾಕೆಂದರೆ ವಿವರಣೆಯನ್ನು ತಯಾರಕರು ತಮಗೆ ಬೇಕಾದ ಹಾಗೆ ಬರೆದುಕೊಳ್ಳಬಹುದು, ಬೆಲೆಯ ಸಾಲನ್ನು ಬರೆದುಕೊಳ್ಳಲು ಬರುವುದಿಲ್ಲ.

ಅಲ್ಲಿ ₹299 ಎಂಬ ಒಂದೇ ಬೆಲೆ ಇದ್ದರೆ, ಮೊದಲ ಕೆಲವು ಹಂತಗಳನ್ನು ಉಚಿತವಾಗಿ ಆಡಿಸಿ ಉಳಿದ ಆಟವನ್ನು ಒಮ್ಮೆಗೇ ಮಾರುವ ಅಥವಾ ಜಾಹೀರಾತನ್ನು ಶಾಶ್ವತವಾಗಿ ತೆಗೆಯುವ ಕ್ರಮವಿರುವ ಸಂಭವ ಹೆಚ್ಚು. ಅಂಗಡಿಯಲ್ಲಿ ಒಂದು ಆಟಿಕೆ ಕೊಂಡಂತೆಯೇ ಇದೂ. ಒಂದು ಸಲ ಕೊಟ್ಟರೆ ಮುಗಿಯಿತು. ಅದೇ ಜಾಗದಲ್ಲಿ ₹29ರಿಂದ ₹8,900ರವರೆಗೆ ಎಂಬಂತಹ ಅಗಲವಾದ ವ್ಯಾಪ್ತಿ ಕಂಡರೆ, ಒಳಗೆ ನಾಣ್ಯ, ರತ್ನ ಅಥವಾ ವಜ್ರ ಎಂಬ ಹೆಸರಿನ ಕೃತಕ ಹಣವಿದೆ ಎಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಒಂದೇ ವಸ್ತುವಿಗೆ ಎಂಟೊಂಬತ್ತು ಸಾವಿರ ರೂಪಾಯಿ ಬೆಲೆಯಿಟ್ಟಿರುವ ಆಟದಲ್ಲಿ, ಅಷ್ಟು ಖರ್ಚು ಮಾಡುವವರು ಎಲ್ಲೋ ಇದ್ದಾರೆ ಎಂಬ ಲೆಕ್ಕಾಚಾರವಿರುತ್ತದೆ. ಆಟದ ಹಂತಗಳನ್ನು ಆ ಲೆಕ್ಕಾಚಾರಕ್ಕೆ ಹೊಂದುವಂತೆ ರೂಪಿಸಿರುತ್ತಾರೆ. ಐಫೋನಿನ ಆ್ಯಪ್ ಸ್ಟೋರ್ ಇದಕ್ಕಿಂತ ಹೆಚ್ಚು ತೋರಿಸುತ್ತದೆ: ಆಟದ ಪುಟದ ಕೆಳಭಾಗದ ಮಾಹಿತಿ ವಿಭಾಗದಲ್ಲಿ ‘In-App Purchases’ ಎಂಬುದನ್ನು ಬಿಡಿಸಿದರೆ ಮಾರಾಟದ ವಸ್ತುಗಳ ಹೆಸರೂ ಬೆಲೆಯೂ ಪಟ್ಟಿಯಾಗಿ ಬರುತ್ತವೆ. ಪಟ್ಟಿಯಲ್ಲಿ ‘ರತ್ನಗಳ ಚೀಲ’, ‘ರತ್ನಗಳ ಪೆಟ್ಟಿಗೆ’ ಎಂಬ ಅರ್ಥದ ಹೆಸರುಗಳು ಸಾಲಾಗಿದ್ದರೆ ಒಳಗಿನ ಕಥೆ ಗೊತ್ತಾದಂತೆಯೇ. ನಿಮ್ಮ ಮನೆಯಲ್ಲಿ ಆಂಡ್ರಾಯ್ಡ್ ಫೋನೇ ಇದ್ದರೂ, ಅದೇ ಆಟದ ಆ್ಯಪ್ ಸ್ಟೋರ್ ಪುಟವನ್ನು ಬ್ರೌಸರಿನಲ್ಲಿ ತೆರೆದು ಈ ಪಟ್ಟಿಯನ್ನು ನೋಡಬಹುದು.

ವಾರಕ್ಕೊಮ್ಮೆ ಹಣ ಕಡಿತವಾಗುವ ಚಂದಾ ಇದೆಯೇ ಎಂಬುದನ್ನೂ ಇಲ್ಲಿಯೇ ಗಮನಿಸಿ. ‘ಮೂರು ದಿನ ಉಚಿತ, ನಂತರ ವಾರಕ್ಕೆ ₹199’ ಎಂಬುದು ಸಣ್ಣ ಮೊತ್ತದಂತೆ ತೋರುತ್ತದೆ. 52 ವಾರಗಳಿಗೆ ಅದು ₹10,348 ಆಗುತ್ತದೆ. ಆಟವನ್ನು ಫೋನಿನಿಂದ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರವನ್ನು ಮುಟ್ಟಿ ‘Payments & subscriptions’ಗೆ ಹೋಗಿ ಅಲ್ಲಿಯೇ ರದ್ದು ಮಾಡಬೇಕು.

ನಾಲ್ಕನೆಯ ಹೆಜ್ಜೆ: ಮಗುವಿಗಿಂತ ಮೊದಲು ನೀವೇ ಆಡುವುದು

ಪುಟದ ಮೇಲೆ ಓದಿ ತಿಳಿಯುವುದಕ್ಕೆ ಒಂದು ಮಿತಿಯಿದೆ. ಒಳಗಿನ ಅಂಗಡಿ ಎಷ್ಟು ಒತ್ತಾಯ ಮಾಡುತ್ತದೆ ಎಂಬುದು ಆಡಿದಾಗ ಮಾತ್ರ ತಿಳಿಯುತ್ತದೆ, ಅದೂ ಮೊದಲ ಹತ್ತು ನಿಮಿಷದಲ್ಲಿ ತಿಳಿಯುವುದಿಲ್ಲ. ಮೊದಲ ಹತ್ತು ನಿಮಿಷ ಇಂತಹ ಆಟಗಳು ಬಹಳ ಉದಾರವಾಗಿರುತ್ತವೆ. ಆದ್ದರಿಂದ ಮಗು ಮಲಗಿದ ಮೇಲೆ ಅರ್ಧ ಗಂಟೆ, ಮರುದಿನ ಮತ್ತೆ ಸ್ವಲ್ಪ ಹೊತ್ತು ಆಡಿ ನೋಡಿ. ಮರುದಿನದ ಆಟ ಮುಖ್ಯ. ಕಾಯಿಸುವ ಗಡಿಯಾರಗಳೂ ‘ಇಂದು ಮಾತ್ರ’ ಎಂಬ ಕೊಡುಗೆಗಳೂ ಆಗಲೇ ಬಣ್ಣ ತೋರಿಸುತ್ತವೆ.

ಏನನ್ನು ನೋಡಬೇಕೆಂದು ತಿಳಿಸಲು ಒಂದು ಉದಾಹರಣೆಯನ್ನು ಪೂರ್ತಿಯಾಗಿ ಲೆಕ್ಕ ಹಾಕೋಣ. ಇದು ನಾನೇ ಕಲ್ಪಿಸಿದ ತೋಟದ ಆಟ. ಆದರೆ ಇದರಲ್ಲಿರುವ ಪ್ರತಿಯೊಂದು ತಂತ್ರವೂ ಇಂದು ಬಳಕೆಯಲ್ಲಿದೆ. ಅಂಕಿ 3+. ಆರಂಭದಲ್ಲಿಯೇ ಆಟ 30 ರತ್ನಗಳನ್ನು ಉಡುಗೊರೆಯಾಗಿ ಕೊಡುತ್ತದೆ. ನಂತರ ಆಡುವುದನ್ನು ಕಲಿಸುವ ನೆಪದಲ್ಲಿ ಒಂದು ಮೊಟ್ಟೆಯನ್ನು ಕಾವಿಗೆ ಇಡಿಸುತ್ತದೆ. ಮರಿಯಾಗಲು ಹತ್ತು ನಿಮಿಷ ಬೇಕು ಎಂದು ಗಡಿಯಾರ ಕಾಣಿಸುತ್ತದೆ. ಕೂಡಲೇ ಒಂದು ಬಾಣದ ಗುರುತು ಬಂದು ‘ಬೇಗ ಮಾಡು’ ಎಂಬ ಹಸಿರು ಗುಂಡಿಯನ್ನು ತೋರಿಸುತ್ತದೆ. ಪರದೆಯ ಉಳಿದೆಲ್ಲ ಭಾಗ ಮಬ್ಬಾಗಿ, ಆ ಗುಂಡಿಯನ್ನು ಬಿಟ್ಟು ಬೇರೆ ಯಾವುದೂ ಕೆಲಸ ಮಾಡುವುದಿಲ್ಲ. ಒತ್ತಿದರೆ 5 ರತ್ನ ಹೋಗಿ ಮರಿ ಹೊರಬರುತ್ತದೆ. ಬೆಳೆ ಕೊಯ್ಯಲು, ಕೊಟ್ಟಿಗೆ ಕಟ್ಟಲು, ಹೀಗೆ ಐದು ಸಲ ಇದೇ ಪಾಠ ನಡೆದು, ಕೈಯಲ್ಲಿ 5 ರತ್ನ ಉಳಿಯುತ್ತದೆ.

ಇಷ್ಟರಲ್ಲಿ ಮಗು ಕಲಿತದ್ದು ಬೆಳೆ ಬೆಳೆಯುವುದನ್ನಲ್ಲ, ಕಾಯುವುದು ಬೇಸರವಾದರೆ ಹಸಿರು ಗುಂಡಿ ಒತ್ತಬೇಕು ಎಂಬುದನ್ನು. ಕನ್ನಡ ಮಾಧ್ಯಮದಲ್ಲಿ ಎರಡನೆಯ ತರಗತಿ ಓದುವ ಮಗುವಿಗೆ ಆ ಗುಂಡಿಯ ಮೇಲಿರುವ ಇಂಗ್ಲಿಷ್ ಓದಲು ಬರುವುದಿಲ್ಲ ಎಂಬುದನ್ನೂ ನೆನಪಿಡಿ. ಅದು ಬಣ್ಣವನ್ನೂ ಜಾಗವನ್ನೂ ನೋಡಿ ಒತ್ತುತ್ತದೆ. ಉಚಿತವಾಗಿ ಮುಂದೆ ಹೋಗುವ ಗುಂಡಿಯೂ ಹಣ ಕೊಟ್ಟು ಕೊಳ್ಳುವ ಗುಂಡಿಯೂ ಒಂದೇ ಬಣ್ಣದಲ್ಲಿ, ಒಂದೇ ಜಾಗದಲ್ಲಿ ಬರುತ್ತಿದ್ದರೆ ಮಗುವಿಗೆ ಅವೆರಡರ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ. ನೀವು ಆಡುವಾಗ ಅಕ್ಷರಗಳನ್ನು ಓದದೆ ಬರಿಯ ಬಣ್ಣವನ್ನು ಅನುಸರಿಸಿ ಒತ್ತುತ್ತ ಹೋಗಿ; ಎಲ್ಲಿಗೆ ತಲುಪುತ್ತೀರಿ ಎಂಬುದೇ ನಿಮ್ಮ ಮಗು ತಲುಪುವ ಜಾಗ.

ಮುಂದಿನ ಹಂತದಲ್ಲಿ ಒಂದು ನಾಯಿಮರಿ ಬರುತ್ತದೆ. ಅದರ ಬೆಲೆ 90 ರತ್ನ. ಅಂಗಡಿಯಲ್ಲಿ 80 ರತ್ನಗಳ ಚೀಲಕ್ಕೆ ₹89, 500 ರತ್ನಗಳ ಪೆಟ್ಟಿಗೆಗೆ ₹449, 1,200 ರತ್ನಗಳ ಭಂಡಾರಕ್ಕೆ ₹899. ಮಗುವಿನ ಬಳಿ ಉಳಿದಿರುವ 5 ರತ್ನಕ್ಕೆ ಒಂದು ಚೀಲ ಸೇರಿಸಿದರೆ 85 ಆಗುತ್ತದೆ. 5 ರತ್ನ ಕಡಿಮೆ. ಹಾಗಾಗಿ ಇನ್ನೊಂದು ಚೀಲ ಬೇಕು. ಒಟ್ಟು ₹178 ಖರ್ಚಾಗಿ ನಾಯಿಮರಿ ಸಿಕ್ಕಿ 75 ರತ್ನ ಉಳಿಯುತ್ತದೆ. ಆ 75 ವ್ಯರ್ಥವಾಗಬಾರದು ಎನ್ನಿಸುತ್ತದೆ, ಆದರೆ ಮುಂದಿನ ಬೆಕ್ಕಿನಮರಿಯ ಬೆಲೆ 120. ಚೀಲದ ಅಳತೆಯೂ ವಸ್ತುವಿನ ಬೆಲೆಯೂ ಎಂದೂ ಸರಿಹೊಂದದಂತೆ ಇಟ್ಟಿರುವುದು ಆಕಸ್ಮಿಕವಲ್ಲ. ನಾಯಿಮರಿಯ ಬೆಲೆಯನ್ನು ನೇರವಾಗಿ ₹178 ಎಂದು ಬರೆದಿದ್ದರೆ ಏಳು ವರ್ಷದ ಮಗುವೂ ಹಿಂದೆಮುಂದೆ ನೋಡುತ್ತಿತ್ತು. ರತ್ನವಾಗಿ ಮಾರ್ಪಟ್ಟ ಮೇಲೆ ದೊಡ್ಡವರಿಗೂ ಲೆಕ್ಕ ತಪ್ಪುತ್ತದೆ. ಆದ್ದರಿಂದ ಒಳಗಿನ ಅಂಗಡಿಯನ್ನು ತೆರೆದು, ಮಗು ಮೊದಲು ಬಯಸಬಹುದಾದ ಒಂದು ವಸ್ತುವನ್ನು ಆರಿಸಿ, ಅದನ್ನು ಕೊಳ್ಳಲು ನಿಜವಾಗಿ ಎಷ್ಟು ರೂಪಾಯಿ ತೆರಬೇಕಾಗುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿ.

ಅದೇ ಅಂಗಡಿಯಲ್ಲಿ ‘ಅದೃಷ್ಟದ ಮೊಟ್ಟೆ’ಯೂ ಇದೆ. 40 ರತ್ನ ಕೊಟ್ಟರೆ ಒಡೆಯಬಹುದು. ಒಳಗೆ ಅಪರೂಪದ ನವಿಲಿರಬಹುದು ಅಥವಾ ಒಂದು ಹುಲ್ಲಿನ ಕಂತೆ ಇರಬಹುದು. ಹಣ ಕೊಡುವಾಗ ಏನು ಸಿಗುತ್ತದೆಂದು ತಿಳಿಯದಿರುವುದೇ ಇದರ ಸ್ವರೂಪ. ಪೆಗಿ ಮತ್ತು ಇಎಸ್‌ಆರ್‌ಬಿ ಎರಡೂ 2020ರಲ್ಲಿ ಇಂತಹ ಯಾದೃಚ್ಛಿಕ ವಸ್ತುಗಳ ಖರೀದಿಯಿದೆ ಎಂದು ತಿಳಿಸುವ ಪ್ರತ್ಯೇಕ ಸೂಚನೆಯನ್ನು ತಂದವು. ಆಗ ಅದು ಸೂಚನೆಯಾಗಿತ್ತೇ ಹೊರತು ವಯಸ್ಸಿನ ಅಂಕಿಯನ್ನು ಏರಿಸುವ ಕಾರಣವಾಗಿರಲಿಲ್ಲ. ಆಸ್ಟ್ರೇಲಿಯಾ 2024ರ ಸೆಪ್ಟೆಂಬರ್‌ನಿಂದ ಹಣ ಕೊಟ್ಟು ಒಡೆಯುವ ಇಂತಹ ಪೆಟ್ಟಿಗೆಗಳಿರುವ ಹೊಸ ಆಟಗಳಿಗೆ, ಹದಿನೈದು ವರ್ಷಕ್ಕಿಂತ ಕೆಳಗಿನವರಿಗೆ ಶಿಫಾರಸು ಮಾಡದ ‘ಎಂ’ ದರ್ಜೆಯನ್ನು ಕನಿಷ್ಠವಾಗಿ ನಿಗದಿಮಾಡಿದೆ. ಏಳು ವರ್ಷದ ಮಗುವಿನ ಆಟದಲ್ಲಿ ಅದೃಷ್ಟದ ಮೊಟ್ಟೆಯನ್ನು ಹಣಕ್ಕೆ ಮಾರುತ್ತಿದ್ದರೆ, ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ ನಾನು ಅದನ್ನು ಪಟ್ಟಿಯಿಂದ ತೆಗೆಯುತ್ತೇನೆ.

ಮರುದಿನ ಆಟವನ್ನು ತೆರೆದಾಗ ‘ನಾಯಿಮರಿ ಕೊಡುಗೆ, ಇನ್ನು 59 ನಿಮಿಷ ಮಾತ್ರ’ ಎಂಬ ಫಲಕ ಬರುತ್ತದೆ. ಅದನ್ನು ಮುಚ್ಚುವ ಗುರುತು ಮೂಲೆಯಲ್ಲಿ ಸಣ್ಣದಾಗಿ, ಎರಡು ಮೂರು ಕ್ಷಣ ತಡವಾಗಿ ಕಾಣಿಸಿಕೊಳ್ಳುತ್ತದೆ. ಮುಚ್ಚಿದರೆ ನಾಯಿಮರಿ ಅಳುತ್ತದೆ. ಸಮಯವನ್ನು ಬರೆದಿಟ್ಟುಕೊಂಡು ಎರಡು ಗಂಟೆ ಬಿಟ್ಟು ಮತ್ತೆ ನೋಡಿ. ಗಡಿಯಾರ ಪುನಃ 59 ನಿಮಿಷದಿಂದ ಆರಂಭವಾಗಿದ್ದರೆ ಅವಸರ ಸುಳ್ಳು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯ ಕಡೆಯಿಂದ 2023ರ ನವೆಂಬರ್ 30ರಂದು ಹೊರಬಂದ ಮಾರ್ಗಸೂಚಿಗಳು ಇಂತಹ 13 ಮೋಸದ ವಿನ್ಯಾಸಗಳನ್ನು ಹೆಸರಿಸಿವೆ. ಸುಳ್ಳು ಅವಸರ ಹುಟ್ಟಿಸುವುದು, ಬೇಡವೆಂದವರನ್ನು ನಾಚಿಸುವುದು, ಪದೇ ಪದೇ ಪೀಡಿಸುವುದು, ಹೊರಬರಲು ಬಿಡದ ಚಂದಾ, ಇವೆಲ್ಲ ಆ ಪಟ್ಟಿಯಲ್ಲಿವೆ. ಅಳುವ ನಾಯಿಮರಿಯನ್ನು ಮಗುವಿಗೆ ತೋರಿಸುವುದು ನಾಚಿಸುವುದಕ್ಕಿಂತಲೂ ಕ್ರೂರವೆಂದು ನನಗೆ ಅನ್ನಿಸುತ್ತದೆ. ದೊಡ್ಡವರು ಅದನ್ನು ಚಿತ್ರವೆಂದು ತಿಳಿಯುತ್ತಾರೆ, ಮಗು ತನ್ನಿಂದಲೇ ಅದು ಅತ್ತಿತು ಎಂದು ತಿಳಿಯುತ್ತದೆ.

ಇನ್ನೊಂದು ಸುಲಭವಾದ ಪರೀಕ್ಷೆಯೂ ಇದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈ-ಫೈ ಕೂಡ ಆರಿಸಿ ಆಟವನ್ನು ತೆರೆಯಿರಿ. ಇಂಟರ್ನೆಟ್ ಇಲ್ಲದೆಯೂ ಆಟ ಪೂರ್ತಿಯಾಗಿ ನಡೆದರೆ, ಮಗುವಿಗೆ ಫೋನ್ ಕೊಡುವಾಗಲೆಲ್ಲ ಹಾಗೆಯೇ ಕೊಡಬಹುದು: ಜಾಹೀರಾತು ಬರುವುದಿಲ್ಲ, ಅಪರಿಚಿತರ ಸಂದೇಶ ಬರುವುದಿಲ್ಲ, ಖರೀದಿಯೂ ನಡೆಯುವುದಿಲ್ಲ. ಒಬ್ಬರೇ ಆಡುವ ಆಟವಾಗಿದ್ದರೂ ಇಂಟರ್ನೆಟ್ ಇಲ್ಲದೆ ತೆರೆದುಕೊಳ್ಳುವುದೇ ಇಲ್ಲ ಎಂದಾದರೆ ಕಾರಣವೇನೆಂದು ಯೋಚಿಸಬೇಕು.

ಐದನೆಯ ಹೆಜ್ಜೆ: ಜಾಹೀರಾತು

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಟದ ಅಂಕಿ ಆಟಕ್ಕೆ ಸಂಬಂಧಿಸಿದ್ದು. ಮಕ್ಕಳಿಗಾಗಿ ಎಂದು ಘೋಷಿಸಿರದ ಆಟದಲ್ಲಿ 3+ ಇದ್ದರೂ ದೊಡ್ಡವರ ಆಟಗಳ ಜಾಹೀರಾತು ಬರಬಹುದು. ಅರ್ಧ ಗಂಟೆ ಆಡುವಾಗ ಬಂದ ಜಾಹೀರಾತುಗಳನ್ನು ಗಮನಿಸಿದರೆ ಸಾಕು, ಉತ್ತರ ಸಿಗುತ್ತದೆ. ‘ಈ ವೀಡಿಯೊ ನೋಡಿದರೆ ಎರಡು ಪಟ್ಟು ನಾಣ್ಯ’ ಎಂದು ಪ್ರತಿ ಹಂತದ ಕೊನೆಯಲ್ಲಿ ಕೇಳುವ ಆಟವನ್ನು ಮಗು ಆಡುವುದಕ್ಕಿಂತ ಹೆಚ್ಚಾಗಿ ನೋಡುತ್ತ ಕೂತಿರುತ್ತದೆ.

ಆರನೆಯ ಹೆಜ್ಜೆ: ಬೀಗ ಹಾಕುವುದು

ನಮ್ಮಲ್ಲಿ ಕಾರ್ಡಿಗೆ ಒಟಿಪಿ, ಯುಪಿಐಗೆ ಪಿನ್ ಬೇಕಾಗುವುದರಿಂದ ಮಗು ತಾನಾಗಿ ಏನನ್ನೂ ಕೊಳ್ಳಲಾರದು ಎಂಬ ನಂಬಿಕೆ ವ್ಯಾಪಕವಾಗಿದೆ. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ಗಿಫ್ಟ್ ಕೋಡ್ ಮೂಲಕವೋ ಬೇರೆ ರೀತಿಯಿಂದಲೋ ಗೂಗಲ್ ಪ್ಲೇ ಬ್ಯಾಲೆನ್ಸ್‌ನಲ್ಲಿ ಹಣವಿದ್ದರೆ ಅದರಿಂದ ಖರ್ಚು ಮಾಡಲು ಒಟಿಪಿ ಬರುವುದಿಲ್ಲ. ಚಂದಾಕ್ಕೆ ಒಮ್ಮೆ ಯುಪಿಐ ಆಟೊಪೇ ಒಪ್ಪಿಗೆ ಕೊಟ್ಟಿದ್ದರೆ ಮುಂದಿನ ಸಾಮಾನ್ಯ ಕಂತುಗಳಿಗೆ ಪ್ರತಿ ಸಲ ಪಿನ್ ಕೇಳುವುದಿಲ್ಲ. ಇನ್ನು ಪಿನ್ ವಿಷಯ: ಅಂಗಡಿಯಲ್ಲಿ ತಾಯಿ ಪಿನ್ ಒತ್ತುವಾಗ ಪಕ್ಕದಲ್ಲಿ ನಿಂತ ಮಗುವಿನ ಕಣ್ಣು ಪರದೆಯ ಮಟ್ಟದಲ್ಲಿಯೇ ಇರುತ್ತದೆ.

ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಖರೀದಿಗೆ ದೃಢೀಕರಣ ಕೇಳುವ ಆಯ್ಕೆಯಿದೆ. ಪ್ರತಿ ಖರೀದಿಗೂ, 30 ನಿಮಿಷಕ್ಕೊಮ್ಮೆ, ಬೇಡವೇ ಬೇಡ ಎಂಬ ಮೂರು ಆಯ್ಕೆಗಳಲ್ಲಿ ಮೊದಲನೆಯದನ್ನೇ ಆರಿಸಿ. ಎರಡನೆಯದು ಸಾಕಾಗುವುದಿಲ್ಲ ಎಂಬುದಕ್ಕೆ ಹಳೆಯ ಪ್ರಕರಣಗಳಿವೆ. ಒಮ್ಮೆ ಪಾಸ್‌ವರ್ಡ್ ಹಾಕಿದ ಮೇಲೆ ಆಪಲ್‌ನಲ್ಲಿ 15 ನಿಮಿಷ, ಗೂಗಲ್‌ನಲ್ಲಿ 30 ನಿಮಿಷ ಮತ್ತೆ ಕೇಳದೆಯೇ ಖರೀದಿ ಸಾಧ್ಯವಾಗುತ್ತಿತ್ತು, ಇದನ್ನು ಪೋಷಕರಿಗೆ ಸರಿಯಾಗಿ ತಿಳಿಸಿರಲಿಲ್ಲ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಕ್ಷೇಪಿಸಿತು. 2014ರಲ್ಲಿ ಮಕ್ಕಳು ಮಾಡಿದ ಖರೀದಿಗಳಿಗಾಗಿ ಆಪಲ್ ಕನಿಷ್ಠ 3.25 ಕೋಟಿ ಡಾಲರ್, ಗೂಗಲ್ ಕನಿಷ್ಠ 1.9 ಕೋಟಿ ಡಾಲರ್ ಮರುಪಾವತಿ ಮಾಡಲು ಒಪ್ಪಿಕೊಂಡವು. ಒಂದು ಖರೀದಿಗೆ ನೀವೇ ಒಪ್ಪಿಗೆ ಕೊಟ್ಟು ಫೋನನ್ನು ಮಗುವಿನ ಕೈಗೆ ಮರಳಿಸಿದ ಆ ಅರ್ಧ ಗಂಟೆಯೇ ಅಪಾಯದ ಹೊತ್ತು. ದೃಢೀಕರಣಕ್ಕೆ ಬೆರಳಚ್ಚನ್ನು ಇಟ್ಟಿದ್ದರೆ, ಫೋನ್ ತೆರೆಯಲು ಸುಲಭವಾಗಲಿ ಎಂದು ಮಗುವಿನ ಬೆರಳನ್ನೂ ಸೇರಿಸಿದ್ದೀರೇ ಎಂದು ನೋಡಿಕೊಳ್ಳಿ. ಹಾಗಿದ್ದರೆ ಆ ಬೀಗಕ್ಕೆ ಕೀಲಿ ಮಗುವಿನ ಕೈಯಲ್ಲಿಯೇ ಇದೆ.

ಮಗುವಿಗೆಂದೇ ಬೇರೆ ಫೋನ್ ಅಥವಾ ಟ್ಯಾಬ್ ಇದ್ದರೆ ಪೋಷಕರಿಗಾಗಿ ಗೂಗಲ್ ಕೊಡುವ ಫ್ಯಾಮಿಲಿ ಲಿಂಕ್ ಎಂಬ ಆ್ಯಪ್ ಮೂಲಕ ಮಗುವಿನ ಹೆಸರಿನಲ್ಲಿ ಪ್ರತ್ಯೇಕ ಖಾತೆ ಮಾಡಿ, ಖರೀದಿಯ ಅನುಮತಿಯಲ್ಲಿ ‘All content’ ಎಂಬುದನ್ನು ಆರಿಸುವುದು ಒಳ್ಳೆಯದು. ಆಗ ಉಚಿತ ಆಟವನ್ನು ಇನ್‌ಸ್ಟಾಲ್ ಮಾಡಲೂ ನಿಮ್ಮ ಒಪ್ಪಿಗೆ ಬೇಕಾಗುತ್ತದೆ. ಇದಕ್ಕೂ ಒಂದು ಮಿತಿಯಿದೆ: ಗೂಗಲ್ ಪ್ಲೇಯ ಪಾವತಿ ವ್ಯವಸ್ಥೆಯ ಮೂಲಕ ನಡೆಯುವ ಖರೀದಿಗಳನ್ನು ಮಾತ್ರ ಈ ಅನುಮತಿ ತಡೆಯುತ್ತದೆ, ಆಟದವರ ಸ್ವಂತ ಜಾಲತಾಣದಲ್ಲಿ ನಡೆಯುವ ಪಾವತಿಯನ್ನಲ್ಲ. ಮನೆಯಲ್ಲಿ ಇರುವುದು ಒಂದೇ ಫೋನ್ ಎಂದಾದರೆ ‘Parental controls’ನಲ್ಲಿ 7+ ಮಿತಿಯನ್ನು ಇಟ್ಟು ಪಿನ್ ಹಾಕಿ, ಆ ಪಿನ್ ಯುಪಿಐ ಪಿನ್ ಆಗಿರಬಾರದು.

ಹಣ ಕೇಳದ ಆಟಗಳಿಂದಲೇ ಆರಂಭಿಸಿದರೆ ಬೀಗದ ಕೆಲಸವೂ ಹಗುರವಾಗುತ್ತದೆ. ಕೆಡಿಇ ಎಂಬ ತಂತ್ರಾಂಶ ತಯಾರಕರ ಸಮುದಾಯದ ಜಿಕಾಂಪ್ರಿ ಎಂಬ ಆಟಗಳ ಸಂಗ್ರಹ ಎರಡರಿಂದ ಹತ್ತು ವರ್ಷದವರಿಗಾಗಿ ಇರುವಂಥದ್ದು. ಅದು ಮುಕ್ತ ತಂತ್ರಾಂಶ, ಜಾಹೀರಾತಿಲ್ಲ, ಒಳಗೆ ಅಂಗಡಿಯೂ ಇಲ್ಲ. ಸ್ಟೋರ್‌ನಲ್ಲಿ `GCompris` ಎಂದು ಹುಡುಕಬೇಕು. ಐದರಿಂದ ಏಳು ವರ್ಷದವರಿಗಾಗಿ ಮಾಡಿದ `ScratchJr` ಕೂಡ ಉಚಿತ. ಅದರಲ್ಲಿ ಮಗು ಆಡುವುದಕ್ಕಿಂತ ತಾನೇ ಸಣ್ಣ ಆಟಗಳನ್ನು ಕಟ್ಟುತ್ತದೆ.

ಹಣ ಹೋಗಿದ್ದರೆ

ಮೊದಲು ಪ್ಲೇ ಸ್ಟೋರ್‌ನ ಪಾವತಿ ಇತಿಹಾಸದಲ್ಲಿ ಯಾವ ದಿನ, ಯಾವ ಆಟಕ್ಕೆ, ಎಷ್ಟು ಹೋಗಿದೆ ಎಂದು ನೋಡಿ, ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಖರೀದಿಯಾಗಿ 48 ಗಂಟೆಯೊಳಗೆ ಗೊತ್ತಾದರೆ `play.google.com` ತಾಣದಲ್ಲಿ ನಿಮ್ಮ ಖಾತೆಯ ಆರ್ಡರ್ ಪಟ್ಟಿಗೆ ಹೋಗಿ ಮರುಪಾವತಿಗೆ ಮನವಿ ಸಲ್ಲಿಸಬಹುದು. ಕಾರಣ ಕೇಳುವ ಕಡೆ, ನಿಮ್ಮ ಅನುಮತಿಯಿಲ್ಲದೆ ಮಗು ಮಾಡಿದ ಖರೀದಿ ಎಂಬುದನ್ನು ಸ್ಪಷ್ಟವಾಗಿ ತಿಳಿಸಿ. 48 ಗಂಟೆ ಕಳೆದಿದ್ದರೆ ಆಟದ ಪುಟದಲ್ಲಿರುವ ವಿಳಾಸಕ್ಕೆ, ಅಂದರೆ ತಯಾರಕರಿಗೆ, ನೇರವಾಗಿ ಬರೆಯಬೇಕು. ಐಫೋನಿನಲ್ಲಿ ಇದೇ ಕೆಲಸಕ್ಕೆ `reportaproblem.apple.com` ಇದೆ. ಕೊಂಡ ರತ್ನಗಳನ್ನು ಮಗು ಖರ್ಚು ಮಾಡದಂತೆ ಆಟವನ್ನು ಕೂಡಲೇ ನಿಲ್ಲಿಸಿ. ಉಪಯೋಗಿಸಿ ಮುಗಿಸಿದ ವಸ್ತುವಿಗೆ ಹಣ ವಾಪಸು ಕೇಳುವುದು ಕಷ್ಟವಾಗುತ್ತದೆ. ಗಡಿಯಾರದ ಮೋಸ ಅಥವಾ ರದ್ದು ಮಾಡಲು ಬಿಡದ ಚಂದಾದಂತಹ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕರೆ ಮಾಡುವಾಗ ಪರದೆಯ ಚಿತ್ರಗಳು, ಆರ್ಡರ್ ಸಂಖ್ಯೆ ಮತ್ತು ಬ್ಯಾಂಕಿನಿಂದ ಬಂದ ಸಂದೇಶ ಕೈಯಲ್ಲಿರಲಿ.